ಬೀಮ್ ಡಿಫ್ಲೆಕ್ಷನ್ ಉತ್ತರಕ್ಕೆ ಮರುಮೌಲ್ಯಮಾಪನ: ಪತ್ರದಲ್ಲಿ ಏನಿರಬೇಕು, ಲಗತ್ತಿನಲ್ಲಿ ಏನಿರಬೇಕು

ಪರೀಕ್ಷೆ ಮುಗಿದ ಮೇಲೆ ಮನೆಯಲ್ಲಿ ಕೂತು ಸರಿಯಾಗಿ ಮಾಡಿದ ಲೆಕ್ಕಕ್ಕೆ ಯಾವ ಅಧ್ಯಾಪಕರೂ ಅಂಕ ಕೊಡುವುದಿಲ್ಲ, ಕೊಡಲೂ ಬಾರದು. ಅಂಕ ಏನಿದ್ದರೂ ಉತ್ತರ ಪತ್ರಿಕೆಯಲ್ಲಿ ಆ ಹೊತ್ತು ಬರೆದದ್ದಕ್ಕೆ. ಹಾಗಾದರೆ ಮರುಮೌಲ್ಯಮಾಪನ ಕೇಳುವ ಪತ್ರದ ಜೊತೆ ತಿದ್ದಿದ ಲೆಕ್ಕವನ್ನು ಯಾಕೆ ಲಗತ್ತಿಸಬೇಕು? ಅದು ಒಂದು ಅಳತೆಗೋಲು, ಅಷ್ಟೇ. ಉತ್ತರ ಪತ್ರಿಕೆಯ ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ಯಾವ ಸಾಲಿನಲ್ಲಿ ಶುರುವಾಯಿತು, ಅದಕ್ಕೂ ಮುಂಚಿನದು ಸರಿಯಿದೆಯೇ, ಆಮೇಲಿನ ಸಾಲುಗಳು ಆ ಒಂದು ತಪ್ಪನ್ನು ಹೊತ್ತುಕೊಂಡೇ ಸರಿಯಾದ ಕ್ರಮದಲ್ಲಿ ಸಾಗಿವೆಯೇ ಎಂಬುದು ಎರಡು ನಿಮಿಷದಲ್ಲಿ ತಿಳಿಯಬೇಕು. ಲಗತ್ತು ಈ ಕೆಲಸ ಮಾಡದಿದ್ದರೆ ಪತ್ರ ಬರೀ ಬೇಡಿಕೆಯಾಗಿ ಉಳಿಯುತ್ತದೆ.

ಮೆಕಾಲೆ ವಿಧಾನದಲ್ಲಿ ತುಂಬಾ ಸಲ ಕಾಣುವ ಒಂದು ತಪ್ಪನ್ನೇ ಹಿಡಿದು ಇದನ್ನು ನೋಡೋಣ. ಪ್ರಶ್ನೆ ಹೀಗಿದೆ ಎಂದಿಟ್ಟುಕೊಳ್ಳಿ: 6 ಮೀಟರ್ ಸ್ಪ್ಯಾನ್‌ನ ಸಿಂಪ್ಲಿ ಸಪೋರ್ಟೆಡ್ ಬೀಮ್ AB. ಎಡತುದಿ A ಇಂದ ಮೊದಲ 3 ಮೀಟರ್ ಉದ್ದಕ್ಕೆ ಮಾತ್ರ ಮೀಟರಿಗೆ 20 ಕಿಲೋನ್ಯೂಟನ್ ಯುಡಿಎಲ್ ಇದೆ, ಬಲಗಡೆಯ ಅರ್ಧ ಖಾಲಿ. E 200 ಗಿಗಾಪಾಸ್ಕಲ್, I 8 × 10⁷ mm⁴. ಸ್ಪ್ಯಾನ್‌ನ ಮಧ್ಯದಲ್ಲಿ ಡಿಫ್ಲೆಕ್ಷನ್ ಎಷ್ಟು? ಯೂನಿಟ್ ಬದಲಿಸಿದರೆ EI 16000 kN·m² ಆಗುತ್ತದೆ. ವಿದ್ಯಾರ್ಥಿ ಉತ್ತರ ಪತ್ರಿಕೆಯಲ್ಲಿ ಬರೆದದ್ದು ಇದು:

```
1)  R_A = 45 kN,  R_B = 15 kN
2)  EI y'' = 45x − 10x²
3)  EI y'  = 22.5x² − (10/3)x³ + C1
4)  EI y   = 7.5x³ − (5/6)x⁴ + C1·x + C2
5)  x = 0, y = 0  →  C2 = 0
6)  x = 6, y = 0  →  C1 = −90
7)  x = 3:  EI y = −135,  y = −8.44 mm
```

ಸರಿಯಾದ ಉತ್ತರ 10.55 ಮಿಲಿಮೀಟರ್. ಕೊನೆಯ ಸಂಖ್ಯೆ ತಪ್ಪು, ಎರಡನೇ ಸಾಲೂ ತಪ್ಪು. ಮೌಲ್ಯಮಾಪಕರು ಎರಡನೇ ಸಾಲಿಗೆ ಕೆಂಪು ಸುತ್ತು ಹಾಕಿ, ಕೆಳಗಿನದನ್ನೆಲ್ಲ ಒಂದೇ ಗೆರೆಯಲ್ಲಿ ಹೊಡೆದು, ಹತ್ತಕ್ಕೆ ಮೂರು ಕೊಟ್ಟಿದ್ದಾರೆ.

ಪತ್ರ ಬರೆಯುವುದಕ್ಕೂ ಮೊದಲು ತಪ್ಪು ಎಂಥದ್ದು ಎಂದು ವಿದ್ಯಾರ್ಥಿಗೆ ತಾನೇ ಖಚಿತವಾಗಿರಬೇಕು. ಎರಡನೇ ಸಾಲಿನ 45x − 10x² ಅನ್ನು ಯುಡಿಎಲ್ ಇರುವ ಎಡ ಅರ್ಧಕ್ಕೆ ಮಾತ್ರ ಬರೆದಿದ್ದರೆ ಅದರಲ್ಲಿ ದೋಷವಿಲ್ಲ. ಆದರೆ ಆರನೇ ಸಾಲಿನಲ್ಲಿ ಅದೇ ಸಮೀಕರಣಕ್ಕೆ x = 6 ಹಾಕಲಾಗಿದೆ, ಅಂದರೆ ಅದು ಇಡೀ ಬೀಮಿಗೆ ಅನ್ವಯಿಸುತ್ತದೆ ಎಂದು ಹೇಳಿದಂತಾಯಿತು. ಹಾಗೆ ಓದಿದರೆ −10x² ಎಂಬ ಪದ ಯುಡಿಎಲ್ ಅನ್ನು 3 ಮೀಟರಿನಲ್ಲಿ ನಿಲ್ಲಿಸದೆ B ತನಕ ಎಳೆದುಬಿಡುತ್ತದೆ. ಮೆಕಾಲೆ ವಿಧಾನದಲ್ಲಿ ನಡುವೆ ನಿಲ್ಲುವ ಯುಡಿಎಲ್‌ಗೆ ಉಪಾಯ ಒಂದೇ: ಅದನ್ನು ಬೀಮಿನ ಕೊನೆಯವರೆಗೂ ಎಳೆ, ಆಮೇಲೆ ಇಲ್ಲದ ಜಾಗದಲ್ಲಿ ಅಷ್ಟೇ ತೀವ್ರತೆಯ ಮೇಲ್ಮುಖ ಯುಡಿಎಲ್ ಹಾಕಿ ರದ್ದು ಮಾಡು. ವಿದ್ಯಾರ್ಥಿ ಮೊದಲ ಅರ್ಧ ಕೆಲಸ ಮಾಡಿ ಎರಡನೆಯದನ್ನು ಬಿಟ್ಟಿದ್ದಾನೆ. ಬರಬೇಕಾಗಿದ್ದ ಸಾಲು:

```
EI y'' = 45x − 10x² + 10⟨x−3⟩²
```

ಮೊನೆಯ ಆವರಣದ ನಿಯಮ ಎಲ್ಲರಿಗೂ ಗೊತ್ತಿರುವುದೇ. ಒಳಗಿನ ಬೆಲೆ ಋಣವಾದರೆ ಇಡೀ ಪದವನ್ನು ಸೊನ್ನೆ ಎಂದು ಬಿಡಬೇಕು, ಇಂಟಿಗ್ರೇಟ್ ಮಾಡುವಾಗ ಆವರಣವನ್ನು ಬಿಡಿಸದೆ ಇಡಿಯಾಗಿ ಮಾಡಬೇಕು.

ಈ ತಪ್ಪು ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ. ಡಿಫ್ಲೆಕ್ಷನ್ ಕೇಳಿರುವುದು x = 3ರಲ್ಲಿ. ಅಲ್ಲಿ ⟨x−3⟩ ಸೊನ್ನೆ. ಹಾಗಾಗಿ 'ಆ ಪದ ಇದ್ದರೂ ಒಂದೇ, ಬಿಟ್ಟರೂ ಒಂದೇ, ಮಧ್ಯದ ಉತ್ತರ ಬದಲಾಗುವುದಿಲ್ಲ' ಎಂದು ಅನಿಸಿಬಿಡುತ್ತದೆ. ಕೆಲವರು ಪತ್ರದಲ್ಲೂ ಹಾಗೆಯೇ ವಾದಿಸುತ್ತಾರೆ, ಅಲ್ಲಿಗೆ ಪತ್ರ ಮುಗಿದಂತೆ. ಆ ಪದ ಮಧ್ಯದಲ್ಲಿ ನೇರವಾಗಿ ಕೈಹಾಕುವುದಿಲ್ಲ ನಿಜ, ಆದರೆ C1 ಮೂಲಕ ಒಳಗೆ ಬರುತ್ತದೆ. C1 ಸಿಗುವುದು x = 6 ಹಾಕಿದಾಗ, ಅಲ್ಲಿ ⟨x−3⟩ ಬೆಲೆ 3. ಸರಿಯಾದ ಲೆಕ್ಕ ಮುಂದುವರಿದರೆ ಹೀಗೆ ಕಾಣುತ್ತದೆ:

```
EI y = 7.5x³ − (5/6)x⁴ + (5/6)⟨x−3⟩⁴ + C1·x
x = 6:  1620 − 1080 + 67.5 + 6·C1 = 0  →  C1 = −101.25
x = 3:  202.5 − 67.5 + 0 − 303.75 = −168.75
y = −168.75 / 16000 = −0.01055 m = −10.55 mm
```

ಬಿಟ್ಟುಹೋದದ್ದು 67.5 ಎಂಬ ಒಂದೇ ಸಂಖ್ಯೆ. ಅದರಿಂದ C1 −101.25 ಆಗುವ ಬದಲು −90 ಆಯಿತು, ಉತ್ತರ ಇರಬೇಕಾದದ್ದಕ್ಕಿಂತ ಸರಿಯಾಗಿ ಐದನೇ ಒಂದು ಭಾಗ ಕಡಿಮೆಯಾಯಿತು. ಪತ್ರದಲ್ಲಿ ಹೇಳಬೇಕಾದ ಮಾತೆಲ್ಲ ಈ ಎರಡು ವಾಕ್ಯಗಳಲ್ಲೇ ಇದೆ.

ಇನ್ನೊಂದು ಮಾತು. ಈ ತಪ್ಪನ್ನು ಪರೀಕ್ಷಾ ಹಾಲ್‌ನಲ್ಲೇ ಹಿಡಿಯಬಹುದಿತ್ತು. ಎರಡನೇ ಸಾಲಿಗೆ x = 6 ಹಾಕಿದರೆ ಬೆಂಡಿಂಗ್ ಮೊಮೆಂಟ್ 270 − 360, ಅಂದರೆ −90 kN·m ಬರುತ್ತದೆ. ತುದಿಯ ಸಿಂಪಲ್ ಸಪೋರ್ಟ್‌ನಲ್ಲಿ ಮೊಮೆಂಟ್ ಸೊನ್ನೆಯಾಗಲೇಬೇಕು. ರದ್ದು ಮಾಡುವ ಪದ ಸೇರಿಸಿದರೆ +90 ಬಂದು ಸೊನ್ನೆಯಾಗುತ್ತದೆ. (C1 ಕೂಡ −90 ಬಂದಿರುವುದು ಬರೀ ಕಾಕತಾಳೀಯ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಈ ಒಂದು ಸಾಲಿನ ತಾಳೆಯನ್ನು ಲಗತ್ತಿನಲ್ಲಿ ಬರೆದರೆ ಎರಡನೇ ಸಾಲು ಯಾಕೆ ತಪ್ಪು ಎಂದು ವಿದ್ಯಾರ್ಥಿಗೆ ಈಗ ಅರ್ಥವಾಗಿದೆ ಎಂಬುದು ಓದುವವರಿಗೆ ಗೊತ್ತಾಗುತ್ತದೆ.

ಈಗ ಏನು ಕೇಳಬಹುದು ಎಂಬ ಪ್ರಶ್ನೆ. ಹತ್ತು ಅಂಕದ ಹಂಚಿಕೆ ರಿಯಾಕ್ಷನ್‌ಗೆ 2, ಮೊಮೆಂಟ್ ಸಮೀಕರಣಕ್ಕೆ 2, ಎರಡು ಸಲದ ಇಂಟಿಗ್ರೇಷನ್‌ಗೆ 2, C1 ಮತ್ತು C2ಗೆ 2, ಕೊನೆಯ ಬೆಲೆಗೆ 2 ಎಂದುಕೊಳ್ಳಿ. ಮೊದಲನೆಯದು ಪೂರ್ತಿ ಸರಿ. ಮೊಮೆಂಟ್ ಸಮೀಕರಣದಲ್ಲಿ ಮೂರು ಪದಗಳ ಪೈಕಿ ಎರಡು ಸರಿ, ಆದರೆ ಬಿಟ್ಟದ್ದು ಇಡೀ ಪ್ರಶ್ನೆಯ ತಿರುಳಾದ ಪದ. ಅದಕ್ಕೆ 1 ಬಂದರೆ ಹೆಚ್ಚು. ನಿಯತಾಂಕ ಕಂಡುಹಿಡಿಯುವಲ್ಲಿ ಸಪೋರ್ಟ್ ಷರತ್ತುಗಳನ್ನು ಸರಿಯಾದ ಜಾಗದಲ್ಲೇ ಹಾಕಲಾಗಿದೆ. ತಪ್ಪಾದ ಸಮೀಕರಣಕ್ಕೆ −90 ಎಂಬುದು ಸರಿಯಾದ ಬೆಲೆಯೇ: 1620 − 1080 = 540, ಅದನ್ನು 6ರಿಂದ ಭಾಗಿಸಿದರೆ 90. ಹಿಂದಿನ ತಪ್ಪನ್ನು ಮತ್ತೆ ಮತ್ತೆ ಕಳೆಯದೆ ಮುಂದಿನ ಹಂತಗಳಿಗೆ ಅಂಕ ಕೊಡುವ ಪದ್ಧತಿ ಇದ್ದಲ್ಲಿ ಈ 2 ಅಂಕ ಕೇಳಲು ಗಟ್ಟಿ ಆಧಾರವಿದೆ.

ಇಂಟಿಗ್ರೇಷನ್‌ನ ವಿಷಯದಲ್ಲಿ ಹುಷಾರಾಗಿರಬೇಕು. ಮೂರು ಮತ್ತು ನಾಲ್ಕನೇ ಸಾಲುಗಳಲ್ಲಿ ಇಂಟಿಗ್ರೇಷನ್ ದೋಷವಿಲ್ಲ, ನಿಜ. ಆದರೆ ಕಷ್ಟದ ಪದವೇ ಅಲ್ಲಿ ಇರಲಿಲ್ಲ. ಆವರಣವನ್ನು ಬಿಡಿಸದೆ ಇಂಟಿಗ್ರೇಟ್ ಮಾಡುವ ಕೌಶಲವನ್ನು ಪ್ರಶ್ನೆ ಪರೀಕ್ಷಿಸುತ್ತಿತ್ತು. ಬರೀ x² ಮತ್ತು x³ ಇಂಟಿಗ್ರೇಟ್ ಮಾಡಿದ್ದಕ್ಕೆ ಪೂರ್ತಿ 2 ಕೊಡಬೇಕು ಎಂದರೆ ಅಧ್ಯಾಪಕರು ಒಪ್ಪುವುದು ಕಷ್ಟ, ಒಪ್ಪದಿದ್ದರೆ ಅದು ಅವರ ತಪ್ಪೂ ಅಲ್ಲ. ತಪ್ಪು ಲೆಕ್ಕವನ್ನು ಸುಲಭ ಮಾಡಿದ್ದರೆ ಮುಂದಿನ ಹಂತದ ಅಂಕಕ್ಕೆ ಕತ್ತರಿ ಬೀಳುವುದು ಸಾಮಾನ್ಯ. ಹೀಗೆ ಲೆಕ್ಕ ಹಾಕಿದರೆ ನ್ಯಾಯವಾಗಿ 6 ಅಥವಾ 7 ಬರಬಹುದಾದ ಉತ್ತರಕ್ಕೆ 3 ಬಂದಿದೆ. ಈ ಅಂದಾಜು ವಿದ್ಯಾರ್ಥಿಯ ತಲೆಯಲ್ಲಿದ್ದರೆ ಸಾಕು, ಪತ್ರದಲ್ಲಿ ಬೇಡ. 'ನನಗೆ 7 ಕೊಡಿ' ಎಂದು ಬರೆದರೆ ಮಾತು ಚೌಕಾಸಿಗೆ ಇಳಿಯುತ್ತದೆ, ಸಾಲುಗಳನ್ನು ಹೆಸರಿಸಿದರೆ ಲೆಕ್ಕದ ಮೇಲೇ ನಿಲ್ಲುತ್ತದೆ.

ಪತ್ರ ಹೀಗಿರಬಹುದು:

ಮಾನ್ಯ ಮೇಡಂ,

ಎರಡನೇ ಕಿರುಪರೀಕ್ಷೆಯ 4ನೇ ಪ್ರಶ್ನೆಗೆ, ಅಂದರೆ ಅರ್ಧ ಸ್ಪ್ಯಾನ್ ಯುಡಿಎಲ್ ಇರುವ ಬೀಮಿನ ಮಧ್ಯದ ಡಿಫ್ಲೆಕ್ಷನ್‌ಗೆ, ನಾನು ಬರೆದ ಉತ್ತರವನ್ನು ದಯವಿಟ್ಟು ಇನ್ನೊಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಉತ್ತರ ಪತ್ರಿಕೆಯ 7ನೇ ಪುಟದಲ್ಲಿದೆ, ಬಂದಿರುವ ಅಂಕ 10ಕ್ಕೆ 3.

ನನ್ನ ತಪ್ಪು ಆ ಪುಟದ ಎರಡನೇ ಸಾಲಿನಲ್ಲಿದೆ. ಯುಡಿಎಲ್ ಅನ್ನು B ತನಕ ಎಳೆದ ಮೇಲೆ ಅದನ್ನು ರದ್ದು ಮಾಡುವ +10⟨x−3⟩² ಪದವನ್ನು ಬರೆದಿಲ್ಲ. ಇದು ಕೈತಪ್ಪಲ್ಲ, ವಿಧಾನದ ತಪ್ಪು ಎಂದು ಅರ್ಥವಾಗಿದೆ. ಇದರಿಂದ C1 −101.25 ಬದಲು −90 ಬಂದು, ಉತ್ತರ 10.55 ಮಿ.ಮೀ. ಬದಲು 8.44 ಮಿ.ಮೀ. ಆಗಿದೆ.

ಮೊದಲ ಸಾಲಿನ ರಿಯಾಕ್ಷನ್‌ಗಳು ಸರಿಯಿವೆ. ಮೂರರಿಂದ ಏಳರವರೆಗಿನ ಸಾಲುಗಳಲ್ಲಿ ಹೊಸ ತಪ್ಪು ಇಲ್ಲ, ಎರಡನೇ ಸಾಲಿನ ಪರಿಣಾಮ ಮಾತ್ರ ಇದೆ ಎಂದು ನನಗೆ ಅನಿಸುತ್ತದೆ. ಈ ಸಾಲುಗಳಿಗೆ, ಮುಖ್ಯವಾಗಿ ಐದು ಮತ್ತು ಆರನೆಯದಕ್ಕೆ, ಹಂತದ ಅಂಕ ಸಿಗಬಹುದೇ ಎಂದು ಪರಿಶೀಲಿಸಬೇಕೆಂದು ವಿನಂತಿ.

ತಿದ್ದಿದ ಲೆಕ್ಕ ಒಂದು ಪುಟದಲ್ಲಿ ಲಗತ್ತಾಗಿದೆ. ಇದು ಪರೀಕ್ಷೆಯ ನಂತರ ಮಾಡಿದ್ದು, ಹೋಲಿಕೆಗಷ್ಟೇ. ತಮಗೆ ಬಿಡುವಿರುವ ಹೊತ್ತಿಗೆ ಬಂದು ಕಾಣಲು ಸಿದ್ಧವಿದ್ದೇನೆ.

ವಂದನೆಗಳೊಂದಿಗೆ,
ಹೆಸರು, ರೋಲ್ ನಂಬರ್, ಸೆಕ್ಷನ್

ಈ ಪತ್ರದಲ್ಲಿ ಎರಡು ಕಡೆ ಬೇಕೆಂದೇ ಎಚ್ಚರ ವಹಿಸಲಾಗಿದೆ. 'ಸಣ್ಣ ಲೆಕ್ಕದ ತಪ್ಪು' ಎಂದು ಬರೆದಿಲ್ಲ. ಒಂದು ಪದವೇ ಬಿಟ್ಟುಹೋದದ್ದನ್ನು ಸಣ್ಣ ತಪ್ಪು ಎಂದರೆ, ಅದು ದೊಡ್ಡದೇಕೆ ಎಂಬುದೇ ಈ ವಿದ್ಯಾರ್ಥಿಗೆ ತಿಳಿದಿಲ್ಲ ಎಂದು ಓದುವವರು ಅಂದುಕೊಳ್ಳುತ್ತಾರೆ. ಮತ್ತೆ, 'ಹೊಸ ತಪ್ಪು ಇಲ್ಲ' ಎಂಬ ಹೇಳಿಕೆಯನ್ನು ಹಾಗೆಯೇ ಬರೆಯುವಂತಿಲ್ಲ, ಮೊದಲು ಪರೀಕ್ಷಿಸಿರಬೇಕು. ತಪ್ಪಾದ ಎರಡನೇ ಸಾಲನ್ನೇ ಸರಿ ಎಂದು ಹಿಡಿದು ಮಿಕ್ಕ ಲೆಕ್ಕವನ್ನು ಹೊಸದಾಗಿ ಮಾಡಿ, ಉತ್ತರ ಪತ್ರಿಕೆಯಲ್ಲಿರುವ −90, −135, 8.44 ಮೂರೂ ಸಿಗುತ್ತವೆಯೇ ನೋಡಿ. ಸಿಗದಿದ್ದರೆ ಇನ್ನೊಂದು ತಪ್ಪು ಎಲ್ಲೋ ಅಡಗಿದೆ, ಆ ಹೇಳಿಕೆಯನ್ನು ತೆಗೆದುಬಿಡಿ.

ಲಗತ್ತಿನ ವಿಷಯಕ್ಕೆ ಬಂದರೆ, ಸಾಲಿನ ಸಂಖ್ಯೆಗಳು ಉತ್ತರ ಪತ್ರಿಕೆಯ ಸಾಲುಗಳಿಗೇ ಹೊಂದಬೇಕು. ಎರಡನೇ ಸಾಲಿನಲ್ಲಿ ಸೇರಿಸಿದ ಪದಕ್ಕೆ ಅಡಿಗೆರೆ ಎಳೆಯಿರಿ, ಆ ಪದ ಕೆಳಗೆ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಎಳೆಯಿರಿ. ಮೇಲೆ 'ಪರೀಕ್ಷೆಯ ನಂತರದ ತಿದ್ದುಪಡಿ' ಎಂದು ದಪ್ಪಕ್ಷರದಲ್ಲಿ ಇರಲಿ. ಮೂಲ ಉತ್ತರ ಪತ್ರಿಕೆಯ ಮೇಲೆ ಪೆನ್ಸಿಲಿನಲ್ಲೂ ಏನೂ ಗೀಚಬಾರದು. ತಿದ್ದಿ ತಂದಿದ್ದಾನೆ ಎಂಬ ಅನುಮಾನ ಒಮ್ಮೆ ಬಂದರೆ ಆಮೇಲೆ ಯಾವ ಲೆಕ್ಕವೂ ಉಳಿಸುವುದಿಲ್ಲ. ಚಿಹ್ನೆಯ ನಿಯಮವನ್ನೂ ಒಂದು ಸಾಲಿನಲ್ಲಿ ಹೇಳಿ: ಇಲ್ಲಿ y ಮೇಲ್ಮುಖ ಧನ, ಸ್ಯಾಗಿಂಗ್ ಮೊಮೆಂಟ್ ಧನ. ತರಗತಿಯಲ್ಲಿ y ಕೆಳಮುಖ ಧನ ಎಂದು ಹೇಳಿಕೊಟ್ಟಿದ್ದರೆ EI y'' = −M ಎಂದು ಶುರುವಾಗುತ್ತದೆ, ಎಲ್ಲ ಚಿಹ್ನೆಗಳೂ ತಿರುಗುತ್ತವೆ. ಇದನ್ನು ಹೇಳದಿದ್ದರೆ ಓದುವವರು C1ನ ಚಿಹ್ನೆಯ ಬಳಿಯೇ ನಿಂತುಬಿಡಬಹುದು.

ಬೇರೆ ವಿಧಾನಕ್ಕೆ ಹಾರುವುದು ಹಲವರು ಮಾಡುವ ಕೆಲಸ. ಪರೀಕ್ಷೆಯಲ್ಲಿ ಮೆಕಾಲೆ ವಿಧಾನ ಬಳಸಿ, ಲಗತ್ತಿನಲ್ಲಿ ಮೊಮೆಂಟ್ ಏರಿಯಾ ವಿಧಾನದಿಂದ 10.55 ತಂದು ತೋರಿಸುತ್ತಾರೆ. ಉತ್ತರ ಸರಿ, ಆದರೆ ಸಾಲಿಗೆ ಸಾಲು ಹೋಲಿಸಲು ಬರುವುದಿಲ್ಲ, ಹಾಗಾಗಿ ಲಗತ್ತು ವ್ಯರ್ಥ. ಬೇರೆ ದಾರಿಯ ಲೆಕ್ಕ ತಾಳೆ ನೋಡಲಷ್ಟೇ ಇರಲಿ, ಅದೂ ಪುಟದ ತುದಿಯಲ್ಲಿ ಎರಡು ಸಾಲು. ಈ ಬೀಮಿಗೆ ಒಂದು ಚೊಕ್ಕ ತಾಳೆ ಇದೆ. ಇಡೀ ಸ್ಪ್ಯಾನ್ ಮೇಲೆ ಯುಡಿಎಲ್ ಇದ್ದರೆ ಮಧ್ಯದ ಡಿಫ್ಲೆಕ್ಷನ್ 5wL⁴/384EI. ಎಡ ಅರ್ಧದ ಲೋಡ್ ಮತ್ತು ಬಲ ಅರ್ಧದ ಲೋಡ್ ಮಧ್ಯದಲ್ಲಿ ಉಂಟುಮಾಡುವ ಬಾಗು ಒಂದೇ ಆಗಿರಬೇಕು, ಏಕೆಂದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಹಾಗಾಗಿ ಅರ್ಧ ಲೋಡಿಗೆ ಅದರ ಸರಿಯಾಗಿ ಅರ್ಧ:

```
5 × 20 × 6⁴ / (2 × 384) = 168.75
```

ಮೆಕಾಲೆಯಿಂದ ಬಂದದ್ದೂ 168.75. ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಆದರೆ ಈ ಸೂತ್ರ ಮಧ್ಯಬಿಂದುವಿಗೆ ಮಾತ್ರ ಎಂಬುದು ನೆನಪಿರಲಿ. ಪತ್ರದಲ್ಲಿ 10.55 ಅನ್ನು 'ಗರಿಷ್ಠ ಡಿಫ್ಲೆಕ್ಷನ್' ಎಂದು ಕರೆದರೆ ತಿದ್ದಲು ಹೋಗಿ ಹೊಸ ತಪ್ಪು ಮಾಡಿದಂತೆ. ಲೋಡ್ ಎಡಕ್ಕೆ ಇರುವುದರಿಂದ ಗರಿಷ್ಠ ಬಾಗು A ಇಂದ ಸುಮಾರು 2.76 ಮೀಟರಿನಲ್ಲಿ ಬರುತ್ತದೆ, ಅದರ ಬೆಲೆ 10.63 ಮಿ.ಮೀ. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ, ಆದರೂ ಪದ ಬೇರೆ, ಬಿಂದು ಬೇರೆ.

ಯೂನಿಟ್ ತಪ್ಪಿದ್ದರೆ ಪತ್ರ ಇಷ್ಟು ಉದ್ದ ಬೇಕಾಗುವುದಿಲ್ಲ. 8 × 10⁷ mm⁴ ಅನ್ನು m⁴ಗೆ ತರುವಾಗ 10⁻¹² ಬದಲು 10⁻⁹ ಹಾಕಿದ್ದರೆ ಡಿಫ್ಲೆಕ್ಷನ್ ಸಾವಿರ ಪಟ್ಟು ಕಡಿಮೆಯಾಗಿ 0.0105 ಮಿ.ಮೀ. ಎಂದು ಬರುತ್ತದೆ. 6 ಮೀಟರ್ ಬೀಮ್ ಆ ಲೋಡಿಗೆ ಕೂದಲೆಳೆಗಿಂತ ಕಡಿಮೆ ಬಾಗುತ್ತದೆ ಎಂದು ಬರೆದದ್ದನ್ನು ವಿದ್ಯಾರ್ಥಿ ಗಮನಿಸಬೇಕಿತ್ತು ಎಂದು ಅಧ್ಯಾಪಕರು ಹೇಳಿದರೆ ಉತ್ತರವಿಲ್ಲ. ಆದರೆ −168.75ರವರೆಗಿನ ಎಲ್ಲ ಸಾಲೂ ಸರಿ, ಕಳೆಯಬೇಕಾದದ್ದು ಕೊನೆಯ ಹಂತದಲ್ಲಿ ಮಾತ್ರ ಎಂದು ಒಂದು ವಾಕ್ಯದಲ್ಲಿ ಕೇಳಬಹುದು.

ಇಲ್ಲಿಯವರೆಗೆ ತಪ್ಪು ವಿದ್ಯಾರ್ಥಿಯದು. ತಪ್ಪು ಮೌಲ್ಯಮಾಪನದ್ದೇ ಆಗಿರುವ ಸಂದರ್ಭವೂ ಇದೇ ಬೀಮಿನಲ್ಲಿ ಉಂಟು, ಅಲ್ಲಿ ಪತ್ರದ ಧಾಟಿ ಬೇರೆಯಾಗಬೇಕು. ಜಾಣ ವಿದ್ಯಾರ್ಥಿಯೊಬ್ಬಳು x ಅನ್ನು ಬಲತುದಿ B ಇಂದ ಅಳೆದಿದ್ದಾಳೆ ಎಂದುಕೊಳ್ಳಿ. ಆಗ ಯುಡಿಎಲ್ 3 ಮೀಟರಿನಲ್ಲಿ ಶುರುವಾಗಿ ಕೊನೆಯವರೆಗೂ ಹೋಗುತ್ತದೆ, ರದ್ದು ಮಾಡುವ ಪದವೇ ಬೇಕಿಲ್ಲ:

```
EI y'' = 15x − 10⟨x−3⟩²
EI y   = 2.5x³ − (5/6)⟨x−3⟩⁴ + C1·x
x = 6:  540 − 67.5 + 6·C1 = 0  →  C1 = −78.75
x = 3:  67.5 − 236.25 = −168.75
```

ಉತ್ತರ ಅದೇ, ಕೆಲಸ ಅರ್ಧ. ಆದರೆ ಮಾದರಿ ಉತ್ತರದಲ್ಲಿ C1 = −101.25 ಎಂದಿದೆ. ನೂರಾರು ಪತ್ರಿಕೆ ನೋಡುವ ಭರದಲ್ಲಿ −78.75 ಕಂಡ ಕೂಡಲೇ ಅದನ್ನು ಹೊಡೆದುಹಾಕಿ, ಕೊನೆಯ ಉತ್ತರ ಹೇಗೋ ಹೊಂದಿಕೊಂಡಿದೆ ಎಂದು ಅಂಕ ಕಡಿಮೆ ಮಾಡುವ ಸಾಧ್ಯತೆ ಇದೆ. ಆಗ ಪತ್ರದಲ್ಲಿ ತಿದ್ದಿದ ಲೆಕ್ಕ ಬೇಡ, ತಿದ್ದಲು ಏನೂ ಇಲ್ಲ. C1 ಎಂದರೆ x = 0 ಇರುವ ತುದಿಯಲ್ಲಿ ಸ್ಲೋಪ್‌ನ EI ಪಟ್ಟು ಎಂದು ನೆನಪಿಸಿದರೆ ಸಾಕು. A ತುದಿಯ ಸ್ಲೋಪ್ 101.25/16000, B ತುದಿಯದು 78.75/16000. ಲೋಡ್ ಹತ್ತಿರವಿರುವ ತುದಿ ಹೆಚ್ಚು ತಿರುಗುತ್ತದೆ, ಹಾಗಾಗಿ ಎರಡೂ ಸಂಖ್ಯೆ ಸರಿ, ಅಳೆಯಲು ಶುರುಮಾಡಿದ ತುದಿ ಬೇರೆ. 'ಪುಟ 7ರ ಮೇಲ್ಭಾಗದ ಚಿತ್ರದಲ್ಲಿ x ಬಾಣ B ಇಂದ ಎಡಕ್ಕಿದೆ, ದಯವಿಟ್ಟು ಆ ಪ್ರಕಾರ ನೋಡಬೇಕು' ಎಂಬ ಒಂದು ಸಾಲು ಇಡೀ ಪುಟದ ವಾದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಚಿತ್ರದಲ್ಲಿ ಬಾಣವನ್ನೇ ಹಾಕಿರದಿದ್ದರೆ ಕೇಳುವುದು ಕಷ್ಟ. ಆಗ ಮೊದಲ ಪದ 15x ಎಂಬುದೇ ಸಾಕ್ಷಿ, ಏಕೆಂದರೆ 15 ಎಂಬುದು B ರಿಯಾಕ್ಷನ್, A ಇಂದ ಅಳೆದಿದ್ದರೆ ಅಲ್ಲಿ 45x ಇರಬೇಕಿತ್ತು.